ಡ್ರಾಪ್‌ಶಿಪ್ಪಿಂಗ್: ಲಾಭ ಸೋರಿಹೋಗುವ ದಾರಿಗಳು

ಸರಕು ಕೊಂಡು ದಾಸ್ತಾನು ಮಾಡದೆ, ಆರ್ಡರ್ ಬಂದ ಮೇಲೆ ಸಪ್ಲೈಯರ್‌ನಿಂದಲೇ ನೇರವಾಗಿ ಗ್ರಾಹಕರ ಮನೆಗೆ ಕಳಿಸುವ ಆನ್‌ಲೈನ್ ವ್ಯಾಪಾರಕ್ಕೆ ಡ್ರಾಪ್‌ಶಿಪ್ಪಿಂಗ್ ಎಂದು ಹೆಸರು. ಇದಕ್ಕೆ ದೊಡ್ಡ ಬಂಡವಾಳ ಬೇಡ. ಆದರೆ ಸರಕು ಮಾರುವವರ ಕೈಯಲ್ಲಿಲ್ಲ, ಗ್ರಾಹಕರಿಗೆ ಉತ್ತರ ಹೇಳಬೇಕಾದವರು ಮಾತ್ರ ಅವರೇ. ತೊಂದರೆಗಳೆಲ್ಲ ಹುಟ್ಟುವುದು ಇಲ್ಲಿಂದ.

ಮೊದಲನೆಯದು ವಿಳಂಬ. ಒಬ್ಬ ಸಪ್ಲೈಯರ್‌ನ ದಾಸ್ತಾನನ್ನೇ ನಂಬಿ ಹತ್ತಾರು ಮಂದಿ ಮಾರುತ್ತಿರುತ್ತಾರೆ. ಸರಕು ಮುಗಿದ ಸುದ್ದಿ ಎಷ್ಟೋ ಸಲ ತಿಳಿಯುವುದು ಆರ್ಡರ್ ಪಡೆದ ನಂತರ. ಭಾರತದಲ್ಲಿ ಬಹಳ ಜನ ಕ್ಯಾಶ್ ಆನ್ ಡೆಲಿವರಿ ಆರಿಸುವುದರಿಂದ ತಡವಾದಷ್ಟೂ ನಷ್ಟದ ಭಯ ಹೆಚ್ಚು. ಹಣ ಕೊಟ್ಟಿರದ ಗ್ರಾಹಕ ಅಷ್ಟರಲ್ಲಿ ಮನಸ್ಸು ಬದಲಿಸಿ, ಪಾರ್ಸೆಲ್ ಬಂದಾಗ ಬೇಡವೆನ್ನಬಹುದು. ಹೀಗೆ ಮರಳುವ ಪಾರ್ಸೆಲ್‌ಗೆ ಈ ವ್ಯಾಪಾರದವರು 'ಆರ್‌ಟಿಒ' ಎನ್ನುತ್ತಾರೆ. ಹೋಗಿಬರುವ ಎರಡೂ ಕಡೆಯ ಕೊರಿಯರ್ ಖರ್ಚು ಸಾಮಾನ್ಯವಾಗಿ ಮಾರಿದವರ ಮೇಲೆಯೇ ಬೀಳುತ್ತದೆ.

ಎರಡನೆಯದು ರೀಫಂಡ್. 2020ರ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಸರಕು ದೋಷಪೂರಿತವಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತಿಲ್ಲದಿದ್ದರೆ ಅಥವಾ ಹೇಳಿದ ಗಡುವು ಮೀರಿ ತಲುಪಿದರೆ ಅದನ್ನು ವಾಪಸ್ ಪಡೆಯಲು, ಹಣ ಮರಳಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ. ತಪ್ಪು ಸಪ್ಲೈಯರ್‌ದು ಎಂಬ ಸಬೂಬು ಗ್ರಾಹಕರ ಮುಂದೆ ನಡೆಯದು. ಗ್ರಾಹಕರಿಗೆ ಹಣ ಕೊಟ್ಟು, ಬಳಸಿದ ಸರಕನ್ನು ಸಪ್ಲೈಯರ್ ತೆಗೆದುಕೊಳ್ಳದಿದ್ದರೆ ಆ ಮೊತ್ತ ಮುಳುಗಿದಂತೆಯೇ.

ಒಂದು ಕಾಲ್ಪನಿಕ ಲೆಕ್ಕ ನೋಡಬಹುದು. ಮಾರುವ ಬೆಲೆ 799 ರೂಪಾಯಿ, ಸರಕಿಗೆ 330, ಕೊರಿಯರ್‌ಗೆ 90, ಒಂದು ಆರ್ಡರ್ ತರಲು ಜಾಹೀರಾತಿಗೆ 150. ಉಳಿಯುವುದು 229. ನೂರು ಆರ್ಡರ್‌ಗೆ 22,900 ರೂಪಾಯಿ ಲಾಭ ಎನಿಸುತ್ತದೆ.

ಈಗ 25 ಪಾರ್ಸೆಲ್‌ಗಳು ಬಾಗಿಲಿನಿಂದಲೇ ಮರಳಿದವು, ತಲುಪಿದ 75ರಲ್ಲಿ ಐದಕ್ಕೆ ಹಣ ವಾಪಸ್ ಕೊಡಬೇಕಾಯಿತು ಎನ್ನಿ. ಕೈಗೆ ಬರುವುದು 70 ಪಾರ್ಸೆಲ್‌ಗಳ 55,930 ರೂಪಾಯಿ ಮಾತ್ರ. ಜಾಹೀರಾತಿನ 15,000, ಕೊರಿಯರ್‌ನ 9,000 ನೂರಕ್ಕೂ ಖರ್ಚಾಗಿದೆ. ತಲುಪಿದ 75 ಸರಕುಗಳ ಬೆಲೆ 24,750. ಬಾಗಿಲಿನಿಂದ ಮರಳಿದ ಪಾರ್ಸೆಲ್‌ಗೆ 70ರಂತೆ 1,750, ರೀಫಂಡ್ ಆದವನ್ನು ತರಿಸಲು 450. ಕೊನೆಗೆ ಉಳಿಯುವುದು 4,980. ತೆರಿಗೆ, ವೆಬ್‌ಸೈಟ್ ಬಾಡಿಗೆ ಇನ್ನೂ ಬಾಕಿ. ಮರಳುವ ಪಾರ್ಸೆಲ್ 25ರ ಬದಲು 35 ಆದರೆ ಈ ಹಣವೂ ಕರಗಿ, ಕೈಯಿಂದಲೇ 410 ರೂಪಾಯಿ ಹಾಕಬೇಕಾಗುತ್ತದೆ.

ಬಂದ ಆರ್ಡರ್‌ಗಳನ್ನೇ ಎಣಿಸುವವರಿಗೆ ಈ ಸೋರಿಕೆ ಬೇಗ ಕಾಣುವುದಿಲ್ಲ. ಜಾಹೀರಾತಿನ ಹಣ ಮೊದಲೇ ಹೋಗಿರುತ್ತದೆ, ಕ್ಯಾಶ್ ಆನ್ ಡೆಲಿವರಿ ಹಣ ಕೊರಿಯರ್ ಕಂಪನಿಯಿಂದ ದಿನಗಳ ನಂತರ ಬರುತ್ತದೆ, ರೀಫಂಡ್ ಕೇಳಿಕೆ ಇನ್ನೂ ತಡವಾಗಿ ಬರುತ್ತದೆ. ಹಾಗಾಗಿ ತಲುಪಿ, ಮರಳದೆ ಉಳಿದ ಆರ್ಡರ್‌ಗಳ ಮೇಲೆ ಒಟ್ಟು ಖರ್ಚನ್ನು ಹಂಚಿದಾಗ ಮಾತ್ರ ನಿಜವಾದ ಲಾಭ ತಿಳಿಯುತ್ತದೆ.