ನೀರಿನ ಮಾತ್ರೆ ನಿಲ್ಲಿಸಬೇಕೆ, ಹೆಚ್ಚಿಸಬೇಕೆ?

ಸಾಗರದ ಕಡೆಯ ಒಬ್ಬ ಅಡಿಕೆ ಬೆಳೆಗಾರರನ್ನು ಕಣ್ಣ ಮುಂದೆ ತಂದುಕೊಳ್ಳಿ. ಇವರು ಯಾರೋ ಒಬ್ಬರೇ ಅಲ್ಲ, ಹೃದ್ರೋಗದ ವಾರ್ಡುಗಳಲ್ಲಿ ಮತ್ತೆ ಮತ್ತೆ ಕಾಣಿಸುವ ಹಲವರ ವಿವರಗಳನ್ನು ಕೂಡಿಸಿ ಮಾಡಿದ ರೋಗಿ. ವಯಸ್ಸು 66. ಕೆಲವು ವರ್ಷಗಳ ಹಿಂದೆ ಹೃದಯಾಘಾತವಾಗಿ ಉಳಿದುಕೊಂಡವರು, ಅದಕ್ಕೂ ಮೊದಲಿನಿಂದ ಸಕ್ಕರೆ ಕಾಯಿಲೆ ಇತ್ತು. ಎಕೋ ಪರೀಕ್ಷೆಯಲ್ಲಿ ಹೃದಯದ ಪಂಪಿಂಗ್ ಶೇ. 30 ಮಾತ್ರ. ಕಿಡ್ನಿಯೂ ಅಷ್ಟು ಚೆನ್ನಾಗಿಲ್ಲ, ಕ್ರಿಯಾಟಿನಿನ್ 1.4ರ ಆಸುಪಾಸಿನಲ್ಲಿರುತ್ತದೆ. ಮೈಯಲ್ಲಿ ನೀರು ನಿಲ್ಲದಂತೆ ದಿನಕ್ಕೊಂದು ಫ್ಯೂರೋಸೆಮೈಡ್ ಮಾತ್ರೆ, 40 ಮಿಲಿಗ್ರಾಂ. ಊರಿನವರ ಬಾಯಲ್ಲಿ ಅದು ನೀರಿನ ಮಾತ್ರೆ. ಊತವಿಲ್ಲದೆ, ಉಬ್ಬಸವಿಲ್ಲದೆ ಆರಾಮಾಗಿದ್ದಾಗ ಅವರ ತೂಕ 64 ಕಿಲೋ.

ಮನೆಯಲ್ಲೊಂದು ಮದುವೆ. ವಾರವಿಡೀ ಉಪ್ಪಿನಕಾಯಿ, ಹಪ್ಪಳ, ಸಾರು. ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ತಂದ ಡೈಕ್ಲೋಫೆನಾಕ್ ಬೇರೆ. ಎರಡೇ ವಾರದಲ್ಲಿ ತೂಕ 71ಕ್ಕೆ ಬಂತು. ಪಾದ ಒತ್ತಿದರೆ ಗುಳಿ ಬೀಳುತ್ತಿತ್ತು, ರಾತ್ರಿ ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು. ರಕ್ತ ಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್ 2.1. ನೀರಿನ ಮಾತ್ರೆಯಿಂದಲೇ ಕಿಡ್ನಿ ಒಣಗುತ್ತಿದೆ ಎಂದು ಹೆದರಿದ ಅವರು ಅದನ್ನು ನಿಲ್ಲಿಸಿಬಿಟ್ಟರು. ನಾಲ್ಕನೆಯ ದಿನ ಕೂತಲ್ಲೇ ಏದುಸಿರು ಬಂದು ಆಸ್ಪತ್ರೆ ಸೇರಿದರು.

ಅಲ್ಲಿ ಡಾಕ್ಟರು ಬರೆದದ್ದು ಅದೇ ಔಷಧ, ಅದೂ ಇಂಜೆಕ್ಷನ್ ರೂಪದಲ್ಲಿ. ಮಗನಿಗೆ ಗಾಬರಿ. "ಸರ್, ಅಪ್ಪಯ್ಯಂಗೆ ಕಿಡ್ನಿ ವೀಕ್ ಅಂತ ರಿಪೋರ್ಟೇ ಹೇಳ್ತಿದೆ. ಮತ್ತೆ ಅದನ್ನೇ ಜಾಸ್ತಿ ಕೊಡ್ತೀರಲ್ಲ?"

ಅವನ ಪ್ರಶ್ನೆ ನ್ಯಾಯವಾದದ್ದೇ. ಹೃದಯ ಮತ್ತು ಮೂತ್ರಪಿಂಡ ಒಂದನ್ನೊಂದು ಕೆಡಿಸುವ ಈ ಸ್ಥಿತಿಗೆ ವೈದ್ಯರು ಕಾರ್ಡಿಯೋರೀನಲ್ ಸಿಂಡ್ರೋಮ್ ಎನ್ನುತ್ತಾರೆ. ಇದರಲ್ಲಿ ವೈದ್ಯರನ್ನೂ ಬಹುಕಾಲ ತಪ್ಪು ದಾರಿಗೆ ಎಳೆದದ್ದು ಮಗನ ಮನಸ್ಸಿನಲ್ಲಿದ್ದ ಲೆಕ್ಕವೇ.

ಆ ಲೆಕ್ಕ ಹೀಗಿತ್ತು. ಹೃದಯ ಹೊರಚೆಲ್ಲುವ ರಕ್ತದ ಸುಮಾರು ಐದನೇ ಒಂದು ಭಾಗ ಮೂತ್ರಪಿಂಡಗಳಿಗೇ ಹೋಗುತ್ತದೆ. ಪಂಪು ಸೋತರೆ ಅಲ್ಲಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಸೋಸುವ ಕೆಲಸ ಕುಂಟುತ್ತದೆ, ಕ್ರಿಯಾಟಿನಿನ್ ಏರುತ್ತದೆ. ಹಾಗಿದ್ದ ಮೇಲೆ ನೀರಿನ ಮಾತ್ರೆ ಕೊಟ್ಟು ರಕ್ತದ ಪ್ರಮಾಣವನ್ನು ಇನ್ನೂ ಇಳಿಸಿದರೆ ಕಿಡ್ನಿಗೆ ಮತ್ತಷ್ಟು ಬರ. ಕೇಳಲು ಸರಿಯಾಗಿಯೇ ಇದೆ, ಕೆಲವು ರೋಗಿಗಳಲ್ಲಿ ನಿಜವೂ ಹೌದು. ಆದರೆ ಇದು ರಕ್ತ ಒಳಗೆ ಬರುವ ದಾರಿಯನ್ನಷ್ಟೇ ನೋಡುತ್ತದೆ, ಹೊರಗೆ ಹೋಗುವ ದಾರಿಯನ್ನು ಮರೆಯುತ್ತದೆ.

ತೋಟದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಬಸಿಗಾಲುವೆಯ ಕೊನೆ ಕಟ್ಟಿಕೊಂಡರೆ ಮೇಲಿಂದ ಎಷ್ಟು ನೀರು ಬಂದರೂ ಅದು ಹರಿಯುವುದಿಲ್ಲ, ಬುಡದಲ್ಲೇ ನಿಂತು ಬೇರು ಕೊಳೆಯುತ್ತದೆ. ಸೋತ ಹೃದಯ ತನ್ನತ್ತ ಮರಳಿ ಬರುವ ರಕ್ತವನ್ನು ಎತ್ತಿ ಮುಂದೂಡಲಾರದು. ಆ ರಕ್ತ ಅಭಿಧಮನಿಗಳಲ್ಲಿ ಹಿಂದಕ್ಕೆ ಒತ್ತುತ್ತದೆ. ಕುತ್ತಿಗೆಯ ನರ ಉಬ್ಬುವುದು, ಯಕೃತ್ತು ಬಾತುಕೊಳ್ಳುವುದು, ಕಾಲು ಊದುವುದು ಎಲ್ಲ ಅದರಿಂದಲೇ. ಅದೇ ಒತ್ತಡ ಮೂತ್ರಪಿಂಡದ ಅಭಿಧಮನಿಯಲ್ಲೂ ಏರುತ್ತದೆ. ಮೂತ್ರಪಿಂಡದ ಸುತ್ತ ಹಿಗ್ಗದ ಬಿಗಿ ಪೊರೆಯೊಂದಿರುವುದರಿಂದ ಒಳಗೆ ಊತ ಬಂದಾಗ ಅದರ ಸೂಕ್ಷ್ಮ ನಳಿಕೆಗಳೇ ಅದುಮಿಹೋಗುತ್ತವೆ. ರಕ್ತ ಸೋಸಬೇಕಾದರೆ ಒಳಬರುವ ಒತ್ತಡಕ್ಕೂ ಹೊರಹೋಗುವ ಒತ್ತಡಕ್ಕೂ ಅಂತರವಿರಬೇಕು, ಆ ಅಂತರವೇ ಕುಗ್ಗಿಬಿಡುತ್ತದೆ. ಫ್ರಾಂಕ್ ವಿಂಟನ್ ಎಂಬ ವಿಜ್ಞಾನಿ 1931ರಷ್ಟು ಹಿಂದೆಯೇ ನಾಯಿಯ ಮೂತ್ರಪಿಂಡದ ಅಭಿಧಮನಿಯ ಒತ್ತಡ ಏರಿಸಿ, ಮೂತ್ರ ಇಳಿಯುವುದನ್ನು ತೋರಿಸಿದ್ದರು. ಆಸ್ಪತ್ರೆಯ ಹಾಸಿಗೆಯ ಬಳಿ ಈ ಮಾತಿಗೆ ಬೆಲೆ ಬಂದದ್ದು ಮಾತ್ರ ಬಹಳ ತಡವಾಗಿ. 2009ರಲ್ಲಿ ಅಮೆರಿಕದ ಕ್ಲೀವ್ಲೆಂಡ್ ಕ್ಲಿನಿಕ್‌ನ ವೈದ್ಯರು, ತೀವ್ರ ಹೃದಯ ವೈಫಲ್ಯದ ರೋಗಿಗಳಲ್ಲಿ ಕಿಡ್ನಿ ಹದಗೆಡುವುದಕ್ಕೂ ಹೃದಯದಿಂದ ಹೊರಬೀಳುವ ರಕ್ತದ ಪ್ರಮಾಣಕ್ಕೂ ಇರುವ ನಂಟಿಗಿಂತ, ಅಭಿಧಮನಿಯ ಒತ್ತಡದೊಂದಿಗಿನ ನಂಟು ಗಟ್ಟಿ ಎಂದು ವರದಿ ಮಾಡಿದರು.

ಮೂತ್ರಪಿಂಡವೂ ಸುಮ್ಮನಿರುವುದಿಲ್ಲ. ಸೋಸಲು ಬರುವ ರಕ್ತ ಕಡಿಮೆಯಾದಾಗ ಅದು ದೇಹದಲ್ಲಿ ನೀರೇ ಬತ್ತಿದೆ ಎಂದು ಭಾವಿಸುತ್ತದೆ. ರೆನಿನ್ ಎಂಬ ರಾಸಾಯನಿಕವನ್ನು ರಕ್ತಕ್ಕೆ ಬಿಡುತ್ತದೆ. ಅದರ ಸರಣಿ ಮುಂದುವರಿದು ರಕ್ತನಾಳಗಳು ಬಿಗಿಯುತ್ತವೆ, ಆಲ್ಡೋಸ್ಟೆರೋನ್ ಹಾರ್ಮೋನು ಉಪ್ಪನ್ನೂ ಅದರ ಹಿಂದೆ ನೀರನ್ನೂ ದೇಹದಲ್ಲೇ ಹಿಡಿದಿಡುತ್ತದೆ. ಆ ನೀರು ಸೇರುವುದು ಈಗಾಗಲೇ ತುಂಬಿ ನಿಂತ ಅಭಿಧಮನಿಗಳಿಗೆ. ಹೃದಯದ ಹೊರೆ ಏರಿತು, ಅದು ಇನ್ನಷ್ಟು ಸೋತಿತು, ಹಿಂದೊತ್ತಡ ಮತ್ತೆ ಹೆಚ್ಚಿತು.

ಆಸ್ಪತ್ರೆಯ ಡಾಕ್ಟರು ರಿಪೋರ್ಟಿಗಿಂತ ಮೊದಲು ರೋಗಿಯ ಕುತ್ತಿಗೆ ನೋಡಿದ್ದು ಈ ಕಾರಣಕ್ಕೆ. ನರ ಕಿವಿಯ ಬುಡದವರೆಗೂ ಉಬ್ಬಿತ್ತು. ರಕ್ತದೊತ್ತಡ 116, ಕೈಕಾಲು ಬೆಚ್ಚಗಿದ್ದವು. ತೂಕ ಏಳು ಕಿಲೋ ಹೆಚ್ಚು. ಇಲ್ಲಿ ಕ್ರಿಯಾಟಿನಿನ್ ಏರಿರುವುದು ನೀರು ಬತ್ತಿ ಅಲ್ಲ, ತುಂಬಿ. ನೋವಿನ ಮಾತ್ರೆಯೂ ತನ್ನ ಪಾಲು ಸೇರಿಸಿತ್ತು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯವು ಮೂತ್ರಪಿಂಡಕ್ಕೆ ರಕ್ತ ತರುವ ನಾಳವನ್ನು ಕುಗ್ಗಿಸುತ್ತವೆ, ಉಪ್ಪನ್ನು ಹಿಡಿದಿಡುತ್ತವೆ, ನೀರಿನ ಮಾತ್ರೆಯ ಬಲವನ್ನೂ ತಗ್ಗಿಸುತ್ತವೆ. ಹೃದಯ ಸೋತವರ ಮನೆಯಲ್ಲಿ ಅವು ಇರಲೇಬಾರದು.

ಆದರೆ ನುಂಗುತ್ತಿದ್ದಷ್ಟು ದಿನ ಆ 40 ಮಿಲಿಗ್ರಾಂ ಮಾತ್ರೆ ಏಕೆ ಸಾಲದೆ ಹೋಯಿತು? ಫ್ಯೂರೋಸೆಮೈಡ್ ರಕ್ತದಲ್ಲಿದ್ದರಷ್ಟೇ ಕೆಲಸ ಮಾಡದು. ಮೂತ್ರ ಹರಿಯುವ ನಳಿಕೆಯ ಒಳಮೈಗೆ ಅದು ತಲುಪಬೇಕು, ಅಲ್ಲಿ ಉಪ್ಪು ಮರಳಿ ರಕ್ತಕ್ಕೆ ಹೋಗುವ ಬಾಗಿಲನ್ನು ಮುಚ್ಚಬೇಕು. ಹೊಟ್ಟೆಗೆ ಹೋದ ಮಾತ್ರೆಯಲ್ಲಿ ಸರಾಸರಿ ಅರ್ಧದಷ್ಟೇ ರಕ್ತ ಸೇರುತ್ತದೆ, ಮತ್ತು ಇದು ಒಬ್ಬರಿಂದ ಒಬ್ಬರಿಗೆ ಬಹಳ ಬದಲಾಗುತ್ತದೆ. ಕರುಳೇ ಊದಿಕೊಂಡಾಗ ನಿಧಾನವಾಗಿಯೂ ಸೇರುತ್ತದೆ. ರಕ್ತ ಸೇರಿದ ಮೇಲೆ ಅದು ಪ್ರೋಟೀನಿಗೆ ಅಂಟಿಕೊಂಡಿರುವುದರಿಂದ ಸೋಸುವ ಜಾಲರಿಯಲ್ಲಿ ಇಳಿಯುವುದಿಲ್ಲ, ನಳಿಕೆಯ ಗೋಡೆಯ ಕೋಶಗಳೇ ಅದನ್ನು ರಕ್ತದಿಂದ ಎತ್ತಿ ಒಳಗೆ ಹಾಕಬೇಕು. ಕಿಡ್ನಿ ಸೋತಾಗ ರಕ್ತದಲ್ಲಿ ಉಳಿದ ಕಶ್ಮಲಗಳು ಅದೇ ಸಾಗಣೆಗೆ ಮುಗಿಬಿದ್ದು ಔಷಧಕ್ಕೆ ಎಡೆ ಕೊಡುವುದಿಲ್ಲ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಈ ಔಷಧಕ್ಕೆ ಒಂದು ಕನಿಷ್ಠ ಮಟ್ಟವಿದೆ. ನಳಿಕೆಯಲ್ಲಿ ಅದಕ್ಕಿಂತ ಕೆಳಗಿದ್ದರೆ ಮೂತ್ರ ಹೆಚ್ಚುವುದೇ ಇಲ್ಲ, ದಾಟಿದರೆ ಧಾರಾಳ ಹರಿಯುತ್ತದೆ. ಕಿಡ್ನಿ ದುರ್ಬಲವಾದಷ್ಟೂ ಆ ಮಟ್ಟ ಮುಟ್ಟಲು ದೊಡ್ಡ ಡೋಸು ಬೇಕು. ಹಾಗಾಗಿ 40 ಮಿಲಿಗ್ರಾಂ ಕೆಲಸ ಮಾಡದವರಿಗೆ ಅದನ್ನೇ ದಿನಕ್ಕೆ ಮೂರು ಸಲ ಕೊಟ್ಟು ಪ್ರಯೋಜನವಿಲ್ಲ, ಒಂದೇ ಸಲಕ್ಕೆ 80 ಬೇಕಾಗಬಹುದು. ಕಿಡ್ನಿ ಸೋತಿದೆ, ಡೋಸು ಇಳಿಸೋಣ ಎಂಬುದು ಅನೇಕ ಔಷಧಗಳ ವಿಷಯದಲ್ಲಿ ಸರಿ, ಇದರ ವಿಷಯದಲ್ಲಿ ತಲೆಕೆಳಗು.

ನಮ್ಮ ರೋಗಿಗೆ ಮೊದಲು 40 ಮಿಲಿಗ್ರಾಂ ನರದ ಮೂಲಕ ಹೋಯಿತು. ಎರಡು ಗಂಟೆ ಬಿಟ್ಟು ಮೂತ್ರದಲ್ಲಿ ಸೋಡಿಯಂ ಎಷ್ಟಿದೆ ಎಂದು ನೋಡಿದರು: 38. ಇದು 50ರಿಂದ 70ಕ್ಕಿಂತ ಕೆಳಗಿದ್ದರೆ ಔಷಧ ಇನ್ನೂ ತನ್ನ ಮಟ್ಟ ಮುಟ್ಟಿಲ್ಲವೆಂದು ಅರ್ಥ. ಮರುದಿನದವರೆಗೆ ಕಾಯದೆ 80 ಕೊಟ್ಟರು. ಮುಂದಿನ ಆರು ಗಂಟೆಗಳಲ್ಲಿ 1,300 ಮಿಲಿಲೀಟರ್ ಮೂತ್ರ ಹೋಯಿತು. ಗಂಟೆಗೆ 100ರಿಂದ 150ಕ್ಕಿಂತ ಕಡಿಮೆಯಿದ್ದಿದ್ದರೆ ಡೋಸು ಮತ್ತೆ ಏರುತ್ತಿತ್ತು. ಅದಕ್ಕೂ ಬಗ್ಗದಿದ್ದರೆ ನಳಿಕೆಯ ಮುಂದಿನ ಭಾಗದಲ್ಲಿ ಕೆಲಸ ಮಾಡುವ ಮೆಟೊಲಜೋನ್‌ನಂಥ ಇನ್ನೊಂದು ಮಾತ್ರೆ ಜೊತೆಗೂಡುತ್ತಿತ್ತು. ಆ ಜೋಡಿ ಬಲವಾದದ್ದು. ಸೋಡಿಯಂ, ಪೊಟ್ಯಾಸಿಯಂ ಸರ್ರನೆ ಕುಸಿಯಬಹುದಾದ್ದರಿಂದ ರಕ್ತ ಪರೀಕ್ಷೆಯಿಲ್ಲದೆ ಮನೆಯಲ್ಲಿ ಮುಂದುವರಿಸುವಂಥದ್ದಲ್ಲ.

ಎರಡನೆಯ ದಿನ ಕ್ರಿಯಾಟಿನಿನ್ 2.3. ಮಗನ ಮುಖ ಸಪ್ಪಗಾಯಿತು. ಡಾಕ್ಟರು ಔಷಧ ನಿಲ್ಲಿಸಲಿಲ್ಲ. ತೂಕ ಇಳಿಯುತ್ತಿತ್ತು, ಉಸಿರು ಸಲೀಸಾಗುತ್ತಿತ್ತು, ರಕ್ತದೊತ್ತಡ ಗಟ್ಟಿಯಾಗಿತ್ತು. ಇಂಥ ಹೊತ್ತಿನ ಸಣ್ಣ ಏರಿಕೆಗೆ ಹೆದರಬೇಕಿಲ್ಲ ಎಂಬುದಕ್ಕೆ ಆಧಾರವಿದೆ. ಅಮೆರಿಕ ಮತ್ತು ಕೆನಡಾದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಡೋಸ್ ಎಂಬ ಪ್ರಯೋಗದಲ್ಲಿ 308 ರೋಗಿಗಳಿದ್ದರು. ಹಳೆಯ ಡೋಸಿನ ಎರಡೂವರೆ ಪಟ್ಟು ಪಡೆದವರಲ್ಲಿ ಕ್ರಿಯಾಟಿನಿನ್ ತಾತ್ಕಾಲಿಕವಾಗಿ ಏರಿದ್ದು ಹೆಚ್ಚು ಜನರಲ್ಲಿ, ಆದರೆ 60 ದಿನಗಳ ಹೊತ್ತಿಗೆ ಎರಡೂ ಗುಂಪುಗಳ ಕಿಡ್ನಿಗಳಲ್ಲಿ ವ್ಯತ್ಯಾಸ ಉಳಿಯಲಿಲ್ಲ. ಅಪಾಯವಿರುವುದು ಕ್ರಿಯಾಟಿನಿನ್ ಏರುತ್ತಲೂ ಇದೆ, ನೀರೂ ಇಳಿಯುತ್ತಿಲ್ಲ ಎನ್ನುವಾಗ. ನಮ್ಮ ರೋಗಿ ಏಳನೆಯ ದಿನ 65 ಕಿಲೋ ತೂಗಿದರು, ಕ್ರಿಯಾಟಿನಿನ್ 1.6ಕ್ಕೆ ಬಂದಿತ್ತು.

ಇನ್ನು ಇದರ ಇನ್ನೊಂದು ಮುಖ. ಅದೇ ವರ್ಷದ ಬೇಸಿಗೆಯಲ್ಲಿ ಅವರಿಗೆ ವಾಂತಿಭೇದಿ ಹತ್ತಿತು. ಹಿಂದಿನ ಅನುಭವದಿಂದ ಈಗ ಯಾವ ಮಾತ್ರೆಯನ್ನೂ ಬಿಡಬಾರದೆಂದು ನಿಶ್ಚಯಿಸಿದ್ದರು: ನೀರಿನ ಮಾತ್ರೆ, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್, ಡಾಪಾಗ್ಲಿಫ್ಲೋಜಿನ್ ಎಲ್ಲವೂ ನಡೆದಿದ್ದವು. ಮೂರನೆಯ ದಿನ ಎದ್ದು ನಿಂತರೆ ಕಣ್ಣು ಕತ್ತಲೆ. ತೂಕ 61, ಬಾಯಿ ಒಣಗಿತ್ತು, ಕುತ್ತಿಗೆಯ ನರ ಮಲಗಿದಾಗಲೂ ಕಾಣುತ್ತಿರಲಿಲ್ಲ. ಕ್ರಿಯಾಟಿನಿನ್ 2.3.

ಅದೇ ಸಂಖ್ಯೆ, ಚಿಕಿತ್ಸೆ ಪೂರ್ತಿ ವಿರುದ್ಧ. ಈ ಸಲ ಕಿಡ್ನಿಗೆ ನಿಜವಾಗಿಯೂ ಬರ ಬಿದ್ದಿತ್ತು. ನೀರಿನ ಮಾತ್ರೆಯನ್ನೂ ಉಳಿದ ಮೂರನ್ನೂ ತಾತ್ಕಾಲಿಕವಾಗಿ ತಡೆದು, ಹೃದಯ ತಾಳುವಷ್ಟು ನಿಧಾನವಾಗಿ ಸಲೈನ್ ಹಾಕಿದರು. ರಕ್ತದಲ್ಲಿ ಪೊಟ್ಯಾಸಿಯಂ 6.1 ಇತ್ತು. ಅದು ಹೃದಯದ ಬಡಿತವನ್ನೇ ನಿಲ್ಲಿಸಬಲ್ಲ ಮಟ್ಟ. ಭೇದಿಯಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇಳಿಯಬೇಕು. ಕೇಳಿದಾಗ ತಿಳಿದದ್ದು, ಸುಸ್ತಿಗೆಂದು ಮನೆಯವರು ದಿನಕ್ಕೆ ನಾಲ್ಕೈದು ಎಳನೀರು ಕುಡಿಸುತ್ತಿದ್ದರು. ಒಂದು ದೊಡ್ಡ ಲೋಟ ಎಳನೀರಿನಲ್ಲಿ ಸುಮಾರು ಅರ್ಧ ಗ್ರಾಂ ಪೊಟ್ಯಾಸಿಯಂ ಇರುತ್ತದೆ. ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಎರಡೂ ಅದು ಹೊರಹೋಗದಂತೆ ತಡೆಯುತ್ತವೆ, ಸೋಸಲಾರದ ಕಿಡ್ನಿ ಇನ್ನೂ ತಡೆಯುತ್ತದೆ. ಬೇರೆಯವರಿಗೆ ಅಮೃತವಾದದ್ದು ಇವರಿಗೆ ಅಪಾಯ ತಂದಿತ್ತು.

ಈ ಸಲ ಮನೆಗೆ ಹೋಗುವಾಗ ಡಾಕ್ಟರು ಒಂದು ನೋಟ್ ಬುಕ್ ತರಿಸಿದರು. ಬೆಳಿಗ್ಗೆ ಮೂತ್ರ ಮಾಡಿದ ಮೇಲೆ, ಕಾಫಿಗೆ ಮೊದಲು, ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆಯಬೇಕು. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಫೋನ್ ಮಾಡಬೇಕು. ವಾಂತಿಭೇದಿಯಾಗಿ ಊಟ ಸೇರದಿದ್ದರೆ ಅದೇ ದಿನ ಫೋನ್ ಮಾಡಬೇಕು, ಯಾವ ಮಾತ್ರೆ ತಡೆಯಬೇಕೆಂದು ಕೇಳಿಕೊಳ್ಳಬೇಕು, ತಾವೇ ತೀರ್ಮಾನಿಸಬಾರದು. ಮೊದಲ ಪುಟದ ಮೇಲೆ ದಪ್ಪಕ್ಷರದಲ್ಲಿ 64 ಎಂದು ಬರೆದರು.

ಆ 64 ಕೂಡ ಶಾಶ್ವತವಲ್ಲ. ಹೃದಯ ವೈಫಲ್ಯದಲ್ಲಿ ಹಸಿವು ಕುಂದಿ ಮಾಂಸಖಂಡ ಕರಗುತ್ತದೆ. ಆರು ತಿಂಗಳ ನಂತರ ತಕ್ಕಡಿ 64 ಎಂದೇ ತೋರಿಸಬಹುದು, ಆದರೆ ಅದರಲ್ಲಿ ಮೂರು ಕಿಲೋ ಮಾಂಸ ಹೋಗಿ ಮೂರು ಕಿಲೋ ನೀರು ಸೇರಿರಬಹುದು. ಕಾಲು ಒತ್ತಿ, ಕುತ್ತಿಗೆ ನೋಡಿ, ಅಂಗಾತ ಮಲಗಿಸಿ ಉಸಿರು ಗಮನಿಸಿದಾಗಲೇ ಅದು ತಿಳಿಯುವುದು. ಅದಕ್ಕೇ ಪ್ರತಿ ಭೇಟಿಯಲ್ಲೂ ಡಾಕ್ಟರು ಆ ಹಳೆಯ ಸಂಖ್ಯೆಯನ್ನು ಹೊಡೆದುಹಾಕಿ ಅವತ್ತಿನದನ್ನು ಹೊಸದಾಗಿ ಬರೆಯುತ್ತಾರೆ.