ಜ್ವರದಲ್ಲಿ ತಪ್ಪಿದ ಟೆಸ್ಟಿಗೆ ಒಂದು ಅರ್ಜಿ

ಮಳೆಗಾಲದಲ್ಲಿ ಕಾಲೇಜಿನ ಕಿರುಪರೀಕ್ಷೆಗಳೂ ಡೆಂಗಿ ಜ್ವರವೂ ಒಟ್ಟಿಗೇ ಬರುವುದುಂಟು. ಟೆಸ್ಟ್ ತಪ್ಪಿದ ಮಕ್ಕಳು ‘ಹುಷಾರಿರಲಿಲ್ಲ ಸರ್, ದಯವಿಟ್ಟು ಇನ್ನೊಂದು ಅವಕಾಶ ಕೊಡಿ’ ಎಂದು ಬರೆದುಕೊಡುತ್ತಾರೆ. ಮೇಷ್ಟ್ರಿಗೆ ಕನಿಕರ ಬಂದರೂ ಅಷ್ಟರಿಂದ ಕೆಲಸ ಸಾಗದು. ಯಾವ ಟೆಸ್ಟ್, ಎಂದು ತಪ್ಪಿತು, ಇನ್ನು ಎಂದು ಬರೆಯಬಲ್ಲೆ ಎಂಬುದು ಅವರಿಗೆ ಬೇಕು.

ಬಿ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳಿಗೆ ಆಗಸ್ಟ್ 10ರಂದು ಜ್ವರ ಬಂತು ಎನ್ನೋಣ. ಎರಡು ದಿನ ಮನೆಯಲ್ಲೇ ಮಾತ್ರೆ ನುಂಗಿ, 12ರಂದು ವೈದ್ಯರ ಬಳಿ ಹೋದಳು. ರಕ್ತಪರೀಕ್ಷೆಯಲ್ಲಿ ಡೆಂಗಿ ಎಂದು ತಿಳಿಯಿತು. ಅವಳಿಗೆ ತಪ್ಪಿದ್ದು ಎರಡು ಟೆಸ್ಟ್: 11ರ ಗಣಿತ, 13ರ ಭೌತಶಾಸ್ತ್ರ. ವೈದ್ಯರ ಪ್ರಮಾಣಪತ್ರದಲ್ಲಿ ವಿಶ್ರಾಂತಿ 12ರಿಂದ 18ರವರೆಗೆ ಎಂದಿದೆ.

ತೊಡಕು ಇರುವುದು 11ನೇ ತಾರೀಖಿನಲ್ಲಿ. ತಾವು ನೋಡದ ದಿನಕ್ಕೆ ವೈದ್ಯರು ಸಾಕ್ಷಿ ಹೇಳಲಾರರು. ಹಿಂದಿನ ತಾರೀಖು ಹಾಕಿಕೊಡಿ ಎಂದು ಅವರನ್ನು ಒತ್ತಾಯಿಸುವುದು ತಪ್ಪು. 2002ರ ವೈದ್ಯಕೀಯ ನಡವಳಿಕೆ ನಿಯಮಗಳ ಪ್ರಕಾರ ವೈದ್ಯರು ಕೊಟ್ಟ ಪ್ರಮಾಣಪತ್ರಗಳಿಗೆ ರಿಜಿಸ್ಟರ್ ಇಡಬೇಕು, ಪ್ರತಿಯೊಂದರ ನಕಲನ್ನೂ ಉಳಿಸಿಕೊಳ್ಳಬೇಕು, ತಮ್ಮ ನೋಂದಣಿ ಸಂಖ್ಯೆ ನಮೂದಿಸಬೇಕು. ತಿದ್ದಿದ ತಾರೀಖು ಹಾಗಾಗಿ ಸಿಕ್ಕಿಬೀಳುವಂಥದು. ಇದ್ದದ್ದನ್ನು ಇದ್ದಂತೆ ಬರೆದರೆ ಅರ್ಜಿಗೇ ತೂಕ:

‘ಮಾನ್ಯರೇ, ನನಗೆ ಆಗಸ್ಟ್ 10ರಿಂದ ಜ್ವರವಿತ್ತು. 12ರಂದು ವೈದ್ಯರಿಗೆ ತೋರಿಸಿದಾಗ ಡೆಂಗಿ ಎಂದು ತಿಳಿಯಿತು. ಆದ್ದರಿಂದ 11ರ ಗಣಿತ ಮತ್ತು 13ರ ಭೌತಶಾಸ್ತ್ರ ಕಿರುಪರೀಕ್ಷೆಗಳಿಗೆ ಹಾಜರಾಗಲು ಆಗಲಿಲ್ಲ. 12ರಿಂದ 18ರವರೆಗಿನ ವೈದ್ಯಕೀಯ ಪ್ರಮಾಣಪತ್ರವನ್ನು ಲಗತ್ತಿಸಿದ್ದೇನೆ. 11ರಂದು ಮನೆಯಲ್ಲೇ ಇದ್ದುದಕ್ಕೆ ತಂದೆಯವರ ಪತ್ರವೂ ಜೊತೆಗಿದೆ. 25 ಅಥವಾ 27ರಂದು, ಇಲ್ಲವೇ ತಮಗೆ ಅನುಕೂಲವಾದ ದಿನ, ಈ ಟೆಸ್ಟ್‌ಗಳನ್ನು ಬರೆಯಲು ಅವಕಾಶ ಕೊಡಬೇಕೆಂದು ಕೋರುತ್ತೇನೆ.’

ಮೇಲೆ ‘ಇವರಿಗೆ’, ‘ವಿಷಯ’; ಕೆಳಗೆ ಹೆಸರು, ತರಗತಿ, ರಿಜಿಸ್ಟರ್ ನಂಬರ್, ಸಹಿ. ಇಷ್ಟೇ ಸಾಕು. ಪ್ಲೇಟ್‌ಲೆಟ್ ಎಷ್ಟಕ್ಕೆ ಇಳಿದಿತ್ತು, ಎಷ್ಟು ಬಾಟಲಿ ಡ್ರಿಪ್ ಹಾಕಿದರು ಎಂಬುದೆಲ್ಲ ಬೇಡ.

ಕಾಲೇಜಿಗೆ ಮರಳಿದ ಮರುದಿನವೇ ಟೆಸ್ಟ್ ಕೇಳಿಲ್ಲ, ನೋಡಿ. ಡೆಂಗಿ ಜ್ವರ ಬಿಟ್ಟ ಮೇಲೂ ಸುಸ್ತು ಕೆಲವು ವಾರ ಕಾಡಬಹುದು. ಹಾಗೆಂದು ತೀರ ಮುಂದಕ್ಕೆ ಹಾಕುವಂತೆಯೂ ಇಲ್ಲ. ಆಂತರಿಕ ಅಂಕಗಳನ್ನು ಕಳುಹಿಸುವ ಕಡೆಯ ದಿನ ದಾಟಿದರೆ ಮೇಷ್ಟ್ರು ಮನಸ್ಸು ಮಾಡಿದರೂ ಪ್ರಯೋಜನವಿಲ್ಲ. ಆ ದಿನವನ್ನು ವಿಭಾಗದಲ್ಲಿ ಕೇಳಿಕೊಂಡೇ ತಾರೀಖು ಸೂಚಿಸಬೇಕು. ಪ್ರಮಾಣಪತ್ರದ ಮೂಲಪ್ರತಿ ಕೊಡುವ ಮುಂಚೆ ಜೆರಾಕ್ಸ್ ಮಾಡಿಸಿ, ಅರ್ಜಿಯ ನಕಲಿನ ಮೇಲೆ ‘ಸ್ವೀಕರಿಸಲಾಗಿದೆ’ ಎಂದು ತಾರೀಖಿನ ಸಮೇತ ಸಹಿ ಪಡೆದಿಟ್ಟುಕೊಳ್ಳಿ. ಹಾಜರಾತಿ ಕಡಿಮೆ ಬಿದ್ದಾಗಲೂ ಕಚೇರಿಯಲ್ಲಿ ಇದೇ ಕಾಗದ ಕೇಳುತ್ತಾರೆ.