ಓದಲು ಬಾರದ ಆ ಒಂದು ಮಾತ್ರೆ

ಸಣ್ಣ ಕ್ಲಿನಿಕ್‌ನ ಕೇಸ್ ಶೀಟಿನಲ್ಲಿ ಎಲ್ಲವೂ ನಾಲ್ಕು ಸಾಲಿನಲ್ಲಿ ಮುಗಿದಿರುತ್ತದೆ. ಒಂದು ಮಾದರಿ ಶೀಟು ಹೀಗಿದೆ ಎಂದುಕೊಳ್ಳೋಣ: ‘ಜ್ವರ 3 ದಿನ, ಕೆಮ್ಮು, ದಮ್ಮು ಇಲ್ಲ. ಮನೆಯಲ್ಲಿ 102. ಟೆಂಪ್ 100.4, ಬಿಪಿ 130/80. ಶುಗರ್ 6 ವರ್ಷ, ಗ್ಲೈ… 5… 1-0-1. ಪಿಸಿಎಂ 650 ಟಿಡಿಎಸ್ 3 ದಿನ.’

ಇದನ್ನು ಕಂಪ್ಯೂಟರಿಗೆ ಏರಿಸುವವರ ಮೊದಲ ಕೆಲಸ, ಯಾವ ಮಾತು ಯಾರದ್ದು ಎಂದು ಗುರುತಿಸುವುದು. ರೋಗಿ ಹೇಳಿದ್ದು ದೂರಿನ ಅಂಕಣಕ್ಕೆ, ವೈದ್ಯರು ಅಳೆದು ನೋಡಿದ್ದು ತಪಾಸಣೆಯ ಅಂಕಣಕ್ಕೆ. ಇಲ್ಲಿ ಎಡವುವುದು ಸುಲಭ. 102 ಅಂಕಿಯಾದರೂ ಅದು ಮನೆಯವರು ಹೇಳಿದ್ದು, ಹಾಗಾಗಿ ದೂರಿಗೇ ಸೇರಬೇಕು. ಕ್ಲಿನಿಕ್‌ನಲ್ಲೇ ಅಳೆದ 100.4 ಮಾತ್ರ ತಪಾಸಣೆಗೆ. ‘ದಮ್ಮು ಇಲ್ಲ’ ಎಂಬುದನ್ನೂ ಬಿಡುವಂತಿಲ್ಲ. ಆತುರದಲ್ಲಿ ‘ಇಲ್ಲ’ ಬಿಟ್ಟುಹೋದರೆ, ಇಲ್ಲದ ಉಸಿರಾಟದ ತೊಂದರೆ ರೋಗಿಯ ದಾಖಲೆಯಲ್ಲಿ ವರ್ಷಗಟ್ಟಲೆ ಉಳಿದುಬಿಡುತ್ತದೆ.

ಚಿಕಿತ್ಸೆಯಲ್ಲೂ ಎರಡು ಬಗೆ. ಪ್ಯಾರಾಸಿಟಮಾಲ್ 650 ಮಿಲಿಗ್ರಾಂ, ದಿನಕ್ಕೆ ಮೂರು ಬಾರಿ, ಮೂರು ದಿನ: ಇದು ಇಂದು ಬರೆದುಕೊಟ್ಟದ್ದು. ಸಕ್ಕರೆ ಕಾಯಿಲೆಯ ಮಾತ್ರೆ ಮೊದಲಿನಿಂದ ನಡೆಯುತ್ತಿರುವುದು, ಬೆಳಿಗ್ಗೆ ಒಂದು, ರಾತ್ರಿ ಒಂದು. ಎರಡನ್ನೂ ಒಂದೇ ಪಟ್ಟಿಗೆ ತುಂಬಿದರೆ ಮೂರು ದಿನದ ನಂತರ ಯಾವುದನ್ನು ನಿಲ್ಲಿಸಬೇಕು ಎಂಬುದೇ ತಿಳಿಯದು.

ನಿಜವಾದ ಅಪಾಯ ಇರುವುದು ಆ ‘ಗ್ಲೈ…’ಯಲ್ಲಿ. ಅದು ಗ್ಲೈಕೋಮೆಟ್ ಇರಬಹುದು, ಗ್ಲೈನೇಸ್ ಕೂಡ ಇರಬಹುದು. ಮೊದಲನೆಯದು ಮೆಟ್‌ಫಾರ್ಮಿನ್, 500 ಮಿಲಿಗ್ರಾಂ ಮಾತ್ರೆಯಾಗಿ ಸಿಗುತ್ತದೆ. ಎರಡನೆಯದು ಗ್ಲಿಪಿಜೈಡ್, ಅದರ ಮಾತ್ರೆ 5 ಮಿಲಿಗ್ರಾಂ. ಅಂಕಿ ನೋಡಿ ತೀರ್ಮಾನಿಸೋಣವೆಂದರೆ 5ರ ಮುಂದೆ ಶಾಯಿ ಹರಡಿದೆ. ಹೊಟ್ಟೆಗಿಲ್ಲದೆ ಮಲಗಿದ ರೋಗಿಗೆ ಗ್ಲಿಪಿಜೈಡ್ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು; ಮೆಟ್‌ಫಾರ್ಮಿನ್ ಒಂದರಿಂದಲೇ ಹಾಗಾಗುವುದು ಅಪರೂಪ.

ಆದ್ದರಿಂದ ಇಲ್ಲಿ ಊಹೆ ಕೂಡದು. ಕಂಡಷ್ಟು ಅಕ್ಷರ ಹಾಗೆಯೇ ಬರೆದು, ‘ಅಸ್ಪಷ್ಟ’ ಎಂದು ಗುರುತು ಹಾಕಿ, ಇರಬಹುದಾದ ಎರಡೂ ಹೆಸರನ್ನು ಪಕ್ಕದಲ್ಲಿ ನಮೂದಿಸಬೇಕು. ಆ ಸಾಲಿನ ಫೋಟೊ ಜೊತೆಗಿರಬೇಕು. ಔಷಧದ ಅಂಕಣ ಮಾತ್ರ ಖಾಲಿಯೇ ಇರಲಿ. ಬರೆದ ವೈದ್ಯರೋ, ರೋಗಿ ತಂದು ತೋರಿಸುವ ಮಾತ್ರೆಯ ಪಟ್ಟಿಯೋ ಅದನ್ನು ತುಂಬಲಿ. ಯಾರು, ಯಾವತ್ತು ಖಚಿತಪಡಿಸಿದರು ಎಂಬುದೂ ದಾಖಲಾಗಬೇಕು. ಕಂಪ್ಯೂಟರೇ ಕೈಬರಹ ಓದುವ ಕಡೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಹೆಚ್ಚು ಬಳಕೆಯಲ್ಲಿರುವ ಹೆಸರನ್ನೇ ಅದು ತುಂಬಿಬಿಟ್ಟರೆ, ಅಚ್ಚುಕಟ್ಟಾದ ಅಕ್ಷರದಲ್ಲಿ ಕಾಣುವ ತಪ್ಪನ್ನು ಯಾರೂ ಅನುಮಾನಿಸುವುದಿಲ್ಲ.

ಔಷಧದ ಜೆನೆರಿಕ್ ಹೆಸರನ್ನು ಓದಲು ಬರುವಂತೆ, ಆದಷ್ಟೂ ಕ್ಯಾಪಿಟಲ್ ಅಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮ ತಿದ್ದಿದೆ. ಅದಕ್ಕೂ ಹಿಂದಿನ ಶೀಟುಗಳನ್ನು ಕಂಪ್ಯೂಟರಿಗೆ ಏರಿಸುತ್ತಿರುವ ಕ್ಲಿನಿಕ್‌ಗಳು ಮೂಲ ಕಾಗದವನ್ನು ರದ್ದಿಗೆ ಹಾಕದಿರಲಿ.